ಶರಾವತಿ ದಾಟದ ಎರಡು ತಿಂಗಳು

ಆಗಸ್ಟ್ ಮೊದಲ ವಾರದಲ್ಲಿ ನನ್ನ ಕಲೋಕ್ವಿಯಂ ಇದೆ. ಮಹಾಪ್ರಬಂಧ ಸಲ್ಲಿಸುವ ಮೊದಲು ವಿಭಾಗದವರ ಎದುರು ಅದನ್ನು ಮಂಡಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಎರಡು ಅಧ್ಯಾಯ ಇನ್ನೂ ಕರಡಿನಲ್ಲೇ ಇವೆ. ಹಾಗಾಗಿ ಆಪ್ತರಾದ ನಾಲ್ವರು ಗೆಳೆಯರಿಗೆ ಒಂದು ಸಂದೇಶ ಬರೆಯಬೇಕಾಯಿತು: ಎರಡು ತಿಂಗಳು ಭೇಟಿ ಕಡಿಮೆ.

ಕಾಯ್ಕಿಣಿಯಿಂದ ಕುಮಟಾಕ್ಕೆ ಸುಮಾರು ಐವತ್ತು ಕಿಲೋಮೀಟರ್. ಅಲ್ಲಿ ಒಂದು ತಾಸು ಚಹಾ ಕುಡಿದು ಹರಟಿದರೆ, ಬಸ್ಸು ಕಾಯುವುದೂ ಸೇರಿ ಅರ್ಧ ದಿನ ಹೋಗುತ್ತದೆ. ಸಂಜೆ ಮನೆಗೆ ಬಂದಾಗ ಬೆಳಿಗ್ಗೆ ಬಿಟ್ಟ ವಾಕ್ಯದ ಎಳೆ ಸಿಗುವುದಿಲ್ಲ. ಕಳೆದುಹೋಗುವುದು ಆ ಒಂದು ತಾಸಲ್ಲ, ಅದರ ಆಚೀಚೆಯ ಹೊತ್ತು.

‘ಸ್ವಲ್ಪ ಬ್ಯುಸಿ ಇದ್ದೇನೆ’ ಎಂದಷ್ಟೇ ಬರೆಯಬಹುದಿತ್ತು. ಆದರೆ ಆ ಮಾತಿಗೆ ಕೊನೆಯ ದಿನಾಂಕ ಇರುವುದಿಲ್ಲ. ಓದಿದವರು ಸಂಕೋಚದಿಂದ ಫೋನ್ ಮಾಡುವುದನ್ನು ಬಿಡುತ್ತಾರೆ. ಕೆಲಸ ಮುಗಿದ ಮೇಲೂ ಯಾರು ಮೊದಲು ಮಾತಾಡಬೇಕೆಂದು ಇಬ್ಬರಿಗೂ ತಿಳಿಯುವುದಿಲ್ಲ. ಎರಡು ತಿಂಗಳು ಕಟ್ಟುನಿಟ್ಟಾಗಿ ಇದ್ದು, ಆಮೇಲೆ ಸಲೀಸಾಗಿ ಎದ್ದು ಬರುವ ಪದ್ಧತಿಗಳು ನಮ್ಮ ಕಡೆ ಮೊದಲಿನಿಂದಲೂ ಇವೆ. ನಾನು ಅವನ್ನೇ ನೋಡಿದೆ.

ಮೊದಲನೆಯದು ಕಡಲಿನದು. ಮೀನಿನ ಸಂತಾನೋತ್ಪತ್ತಿಗೆಂದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ನಾಡದೋಣಿಗಳಿಗೆ ಈ ನಿಷೇಧವಿಲ್ಲ. ಯಾವತ್ತಿನಿಂದ ಯಾವತ್ತಿನವರೆಗೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಬಂದರಿನಲ್ಲಿ ನಿಂತ ಬೋಟನ್ನು ನೋಡಿ ಕಸುಬು ಬಿಟ್ಟರೆಂದು ಯಾರೂ ಭಾವಿಸುವುದಿಲ್ಲ. ನಾನೂ ಅವೇ ದಿನಾಂಕ ಹಿಡಿದೆ. ದೊಡ್ಡ ಭೇಟಿಗಳು ನಿಂತವು, ಸಣ್ಣವು ಉಳಿದವು.

ಎರಡನೆಯದು ಚಾತುರ್ಮಾಸ್ಯ. ಹೆಸರಿನಲ್ಲಿ ನಾಲ್ಕು ತಿಂಗಳಿದ್ದರೂ ನಮ್ಮ ಕಡೆಯ ಯತಿಗಳು ಪಕ್ಷವನ್ನೇ ಮಾಸವೆಂದು ಎಣಿಸಿ ಎರಡು ತಿಂಗಳು ಆಚರಿಸುತ್ತಾರೆ. ಆಷಾಢದ ಹುಣ್ಣಿಮೆಗೆ ವ್ಯಾಸಪೂಜೆಯಿಂದ ಶುರುವಾಗಿ ಭಾದ್ರಪದದ ಹುಣ್ಣಿಮೆಗೆ ಸೀಮೋಲ್ಲಂಘನದಿಂದ ಮುಗಿಯುತ್ತದೆ. ಅಷ್ಟು ದಿನ ಸ್ವಾಮಿಗಳು ಊರ ಗಡಿ ದಾಟುವುದಿಲ್ಲ, ಆದರೆ ಬಾಗಿಲನ್ನೂ ಮುಚ್ಚುವುದಿಲ್ಲ. ಜನ ಗೊತ್ತುಪಡಿಸಿದ ಹೊತ್ತಿಗೆ ಅವರಿದ್ದಲ್ಲಿಗೇ ಬರುತ್ತಾರೆ. ಭೇಟಿ ನಿಲ್ಲುವುದಿಲ್ಲ, ಹೋಗಿ ಬರುವ ದಿಕ್ಕು ಮಾತ್ರ ಬದಲಾಗುತ್ತದೆ. ಹಾಗೆಯೇ ನನ್ನ ಸೀಮೆಯನ್ನೂ ಗೊತ್ತುಮಾಡಿದೆ: ಬಡಗಲಿಗೆ ಶರಾವತಿ, ತೆಂಕಲಿಗೆ ವೆಂಕಟಾಪುರ ಹೊಳೆ.

ಇಷ್ಟು ಬರೆದ ಮೇಲೂ ಒಂದು ವಿಷಯ ಬಗೆಹರಿಯಲಿಲ್ಲ. ನಾಲ್ವರಲ್ಲಿ ಒಬ್ಬ ಕೆಲಸ ಕಳೆದುಕೊಂಡು ಹೊನ್ನಾವರದ ಮನೆಯಲ್ಲಿದ್ದಾನೆ. ‘ಏನಾದರೂ ತುರ್ತಿದ್ದರೆ ಹೇಳು’ ಎಂದು ಬರೆದರೆ ಅವನು ಹೇಳುವವನಲ್ಲ. ತನ್ನ ಕಷ್ಟ ನನ್ನ ಅಧ್ಯಾಯಕ್ಕಿಂತ ತುರ್ತಿನದೋ ಎಂದು ಅವನೇ ತೂಗಿ ನೋಡಬೇಕಾಗುತ್ತದೆ. ತೂಗಿ ನೋಡಿ ಸುಮ್ಮನಾಗುತ್ತಾನೆ.

ಬೌದ್ಧ ಭಿಕ್ಷುಗಳ ಮಳೆಗಾಲದ ವಾಸಕ್ಕೆ ವಿನಯಪಿಟಕದಲ್ಲಿ ನಿಯಮಗಳಿವೆ. ಆ ವಾಸ ಮೂರು ತಿಂಗಳದು. ನಡುವೆ ಕಾರಣವಿದ್ದರೆ ಏಳು ದಿನದೊಳಗೆ ಹಿಂದಿರುಗುವಂತೆ ಹೋಗಬಹುದು. ಗೃಹಸ್ಥ ಭಕ್ತರಾದರೆ ಅವರು ಹೇಳಿಕಳಿಸಿರಬೇಕು. ತಂದೆಗೋ ತಾಯಿಗೋ ಕಾಯಿಲೆಯಾದರೆ ಕರೆ ಬರದಿದ್ದರೂ ಹೋಗಬಹುದು. ಕರೆದರೆ ಹೋಗುವವರು, ಕರೆಯದಿದ್ದರೂ ಹೋಗಬೇಕಾದವರು ಎಂಬ ಎರಡು ಪಟ್ಟಿ ಅಲ್ಲಿವೆ. ನನ್ನ ಸಂದೇಶದಲ್ಲಿ ಮೊದಲನೆಯದು ಮಾತ್ರ ಇತ್ತು.

ಕೊನೆಗೆ ಕಳಿಸಿದ್ದು ಇಷ್ಟು:

“ಜೂನ್ 1ರಿಂದ ಜುಲೈ 31ರವರೆಗೆ ಕಲೋಕ್ವಿಯಂ ತಯಾರಿ ಮಾರಾಯ್ರೇ. ಬೋಟು ಕಡಲಿಗಿಳಿಯುವ ದಿನ ನಾನೂ ಹೊರಗೆ. ಅಲ್ಲಿವರೆಗೆ ಶರಾವತಿ ದಾಟುವುದಿಲ್ಲ, ಭಟ್ಕಳಕ್ಕೂ ಇಲ್ಲ. ಪಿಕ್ನಿಕ್ಕು, ಸಿನಿಮಾ, ಯಾರದ್ದಾದರೂ ಹುಟ್ಟುಹಬ್ಬ ಎಲ್ಲ ಆಗಸ್ಟಿಗೆ. ಭಾನುವಾರ ಸಂಜೆ ಐದರಿಂದ ಏಳು ಮನೆಯಲ್ಲೇ ಇರುತ್ತೇನೆ, ಹೇಳದೆ ಬಂದರೂ ಆಯ್ತು. ಉಳಿದ ದಿನ ಮೆಸೇಜಿಗೆ ಉತ್ತರ ರಾತ್ರಿ ಒಂಬತ್ತರ ಮೇಲೆ. ಮನೆಯಲ್ಲಿ ಆಸ್ಪತ್ರೆ, ಸಾವು ಅಂತಾದರೆ ಮೆಸೇಜ್ ಬೇಡ, ಫೋನ್ ಮಾಡಿ. ಬರುತ್ತೇನೆ. ಆಗಸ್ಟ್ 1ಕ್ಕೆ ನಾನೇ ಫೋನ್ ಮಾಡುತ್ತೇನೆ.”

ಹೊನ್ನಾವರದವನಿಗೆ ಬೇರೆಯಾಗಿ ಇನ್ನೊಂದು ಸಾಲು ಬರೆದೆ: “ನಿನಗೆ ಬುಧವಾರ ರಾತ್ರಿ ನಾನೇ ಫೋನ್ ಮಾಡುತ್ತೇನೆ. ಹದಿನೈದು ದಿನಕ್ಕೊಮ್ಮೆ ಹೊಳೆ ದಾಟಿ ಬರುತ್ತೇನೆ, ಕರೆಯಬೇಕಂತಿಲ್ಲ.”

ಉಳಿದ ಮೂವರು ಹೆಬ್ಬೆರಳು ತೋರಿಸಿದರು. ಅವನು ಮಾತ್ರ ಮರುದಿನ ಬೆಳಿಗ್ಗೆ ಉತ್ತರ ಬರೆದ: “ಬುಧವಾರ ಎಷ್ಟು ಗಂಟೆಗೆ?”