‘ಸಾರಿ ಅಕ್ಕ, ತಪ್ಪು ತಿಳ್ಕೋಬೇಡಿ’

ನಮ್ ಶಿಡ್ಲಘಟ್ಟದ ಓರಗಿತ್ತಿ ಸೀರೆಗೆ ಕುಚ್ಚು ಹಾಕ್ತಾಳೆ. ಕೈ ಬಲು ಚೊಕ್ಕ, ಎಂಟು ಗಂಟಿಗೆ ಎಂಟೂ ಒಂದೇ ಅಳತೆ. ಆದ್ರೆ ದುಡ್ಡು ಕೇಳೋಕೆ ಮಾತ್ರ ಬರಲ್ಲ. ಬಾಯಲ್ಲಿ ಕೇಳೋಕೆ ಸಂಕೋಚ ಅಂತ ವಾಟ್ಸಾಪಲ್ಲಿ ಬರೀತಾಳೆ, ಅಲ್ಲೂ ಸಂಕೋಚವೇ ಮೊದ್ಲು ಹೋಗಿ ಕೂತಿರುತ್ತೆ. ಒಂದು ಮದುವೆ ಮನೆಯೋರಿಗೆ ನಾಲ್ಕು ಸೀರೆ ಕುಚ್ಚು ಹಾಕ್ಕೊಟ್ಟಿದ್ಲು. ಬಾಕಿ ಕೇಳಿ ಅವಳು ಕಳ್ಸಿದ್ದ ಮೆಸೇಜು ಇಂಗಿತ್ತು:

“ಅಕ್ಕ ಸಾರಿ, ಡಿಸ್ಟರ್ಬ್ ಮಾಡ್ತಾ ಇದೀನಿ ಅನ್ಸುತ್ತೆ. ತಪ್ಪು ತಿಳ್ಕೋಬೇಡಿ. ಸುಮ್ನೆ ಒಂದ್ಸಲ ಜ್ಞಾಪಿಸೋಣ ಅಂತ ಅಷ್ಟೆ. ಆ ಕುಚ್ಚಿಂದು ಸ್ವಲ್ಪ ಬಾಕಿ ಇತ್ತೇನೋ ಅಂತ. ನಿಮ್ಗೆ ಆದಾಗ ಕೊಟ್ರಾಯ್ತು, ಆಗ್ದಿದ್ರೂ ಪರ್ವಾಗಿಲ್ಲ. ಸಾರಿ ಅಕ್ಕ.”

ಆ ಕಡೆಯಿಂದ ಒಂದು ಹೆಬ್ಬೆಟ್ಟು ಬಂತು. ಮೂರು ವಾರ ಆದ್ರೂ ದುಡ್ಡು ಬರ್ಲಿಲ್ಲ. “ಎಂಥಾ ಜನಾನೋ ಅಕ್ಕ” ಅಂತ ಇವಳು ನನ್ ಹತ್ರ ಗೋಳಾಡಿದ್ಲು. ನಾನು ಮೆಸೇಜು ತೋರ್ಸು ಅಂದೆ. ಓದಿದ್ಮೇಲೆ ನಂಗೆ ಅವರ ಮೇಲೆ ಕೋಪಾನೇ ಬರ್ಲಿಲ್ಲ. ಪಾಪ, ಅವರೇನು ಮಾಡ್ಬೇಕು? ಎಷ್ಟು ಅಂತ ಇಲ್ಲ, ಯಾವತ್ತು ಅಂತ ಇಲ್ಲ, ಕೊಡ್ಲೇಬೇಕು ಅಂತಾನೂ ಇಲ್ಲ. ಆಗ್ದಿದ್ರೂ ಪರ್ವಾಗಿಲ್ಲ ಅಂತ ಇವಳೇ ಬರ್ದಿದಾಳೆ, ಅವರೂ ಹಂಗೇ ಪರ್ವಾಗಿಲ್ಲ ಅಂದ್ಕೊಂಡಿದಾರೆ.

ಒಂದೊಂದು ಪದಾನೂ ಎತ್ತಿ ಎತ್ತಿ ನೋಡಿದ್ವಿ, ಅಕ್ಕಿ ಆರಿಸಿದ ಹಾಗೆ. ‘ಇತ್ತೇನೋ’ ಅನ್ನೋದು ಎಲ್ಲಾದಕ್ಕಿಂತ ದೊಡ್ಡ ಕಲ್ಲು. ಲೆಕ್ಕದ ಪುಸ್ತಕ ಇವಳ ಹತ್ರಾನೇ ಇದೆ, ನಾಲ್ಕು ಸೀರೆಗೆ 2,400, ಮುಂಗಡ 1,000, ಬಾಕಿ 1,400 ಅಂತ ಪೆನ್ನಲ್ಲಿ ಬರ್ದಿದೆ. ಅಷ್ಟು ಗೊತ್ತಿದ್ದೂ ಕೊನೇಲಿ ಒಂದು ‘ಏನೋ’ ಸೇರಿಸಿದ್ರೆ, ಓದೋರಿಗೆ ‘ಇವಳ ಲೆಕ್ಕ ಇವಳಿಗೇ ಸರಿಯಾಗಿ ಗೊತ್ತಿಲ್ಲ’ ಅನ್ಸುತ್ತೆ. ‘ಇದೆ’ ಅನ್ನೋ ಕಡೆ ‘ಇತ್ತು’ ಅಂದಿರೋದೂ ಅಷ್ಟೆ. ಮರ್ಯಾದೆಗೆ ಅಂತ ನಾವು ಹಿಂಗೆ ಹಿಂದಕ್ಕೆ ತಳ್ಳಿ ಮಾತಾಡ್ತೀವಿ, ‘ಒಂದು ಮಾತು ಕೇಳ್ಬೇಕಿತ್ತು’ ಅಂತೀವಲ್ಲ ಹಂಗೆ. ಎದುರಿಗೆ ನಿಂತಾಗ ಮುಖ ನೋಡಿ ಅರ್ಥ ಮಾಡ್ಕೋತಾರೆ. ಬರೆದಾಗ ಬಾಕಿ ಯಾವತ್ತೋ ಇದ್ದು ಈಗ ತೀರಿಹೋದಂಗೆ ಕಾಣುತ್ತೆ.

‘ಸ್ವಲ್ಪ’ ಅಂದ್ರೆ ಎಷ್ಟು? ಐವತ್ತೂ ಸ್ವಲ್ಪವೇ, ಐನೂರೂ ಸ್ವಲ್ಪವೇ. ಇವಳ ಬೆನ್ನು ನೋವಿನ 1,400 ರೂಪಾಯಿ ಆ ಒಂದು ಪದದ ಒಳಗೆ ಮುಚ್ಚಿಹೋಗಿತ್ತು. ‘ಸುಮ್ನೆ’ ಅಂದ್ರೆ ಕೆಲ್ಸ ಇಲ್ದೆ ಬರ್ದೆ ಅಂತಾಯ್ತು. ಇನ್ನು ಆ ‘ಸಾರಿ’. ಮೊದಲ್ನೇದು ಯಾಕೆ, ಕೊನೇದು ಯಾಕೆ ಅಂತ ಕೇಳ್ದೆ. ಅವಳಿಗೂ ಗೊತ್ತಿರ್ಲಿಲ್ಲ. ಯಾರಾದ್ರೂ ಸಾರಿ ಅಂದ್ರೆ ಕೇಳಿಸ್ಕೊಂಡೋರು ಏನೋ ತಪ್ಪಾಗಿದೆ ಅಂತಾನೇ ತಿಳ್ಕೋತಾರೆ. ಕೆಲ್ಸ ಮಾಡಿ ಕೂಲಿ ಕೇಳೋದ್ರಲ್ಲಿ ತಪ್ಪು ಎಲ್ಲಿಂದ ಬಂತು?

ನಾನು ಅಲ್ಲೇ ಕೂತು ಬರ್ಸಿದ್ದು ಇದು:

“ನಮಸ್ಕಾರ ಅಕ್ಕ. ಮದುವೆ ಚೆನ್ನಾಗಾಯ್ತು ಅಂತ ಕೇಳಿ ಖುಷಿಯಾಯ್ತು. ನಾಲ್ಕು ಸೀರೆ ಕುಚ್ಚಿಗೆ 2,400 ಆಗಿತ್ತು, 1,000 ಕೊಟ್ಟಿದ್ರಿ, ಬಾಕಿ 1,400 ಇದೆ. ಶನಿವಾರ ದಾರ ತರೋಕೆ ಹೋಗ್ಬೇಕು, ಶುಕ್ರವಾರದೊಳಗೆ ಫೋನ್‌ಪೇ ಮಾಡಿ ಅಕ್ಕ.”

ಅವಳು ಓದಿ, “ಒರಟಾಗಿಲ್ವಾ ಅಕ್ಕ? ಗಿರಾಕಿ ಓಡೋದ್ರೆ?” ಅಂದ್ಲು. ಎಲ್ಲಾ ಹೆಣ್ಮಕ್ಕಳೂ ಕೇಳೋದು ಇದನ್ನೇ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ತೀನಿ.

ನಮ್ ಮಾತಲ್ಲಿ ಮರ್ಯಾದೆ ಇರೋ ಜಾಗವೇ ಬೇರೆ. ‘ಮಾಡು’ ಅಂದ್ರೆ ಏಕವಚನ, ‘ಮಾಡಿ’ ಅಂದ್ರೆ ಗೌರವ ಬಂದ್ಬಿಡ್ತು. ‘ಕಳ್ಸಿ’ ಅಂದ್ರೆ ಒಂದು ತೂಕ, ‘ಕಳ್ಸಿಕೊಡಿ’ ಅಂದ್ರೆ ಇನ್ನೂ ಒಂದು ಹಿಡಿ ನಯ. ಮೇಲೆ ಅಕ್ಕ, ಅಣ್ಣ, ಅಮ್ಮ ಅಂತ ಒಂದು ಸಲ ಕರೆದ್ರೆ ಮುಗೀತು. ನಮ್ ಚಿಂತಾಮಣಿ, ಗೌರಿಬಿದನೂರು ಕಡೆ ಮನೇಲಿ ತೆಲುಗು ಆಡೋರು ಬಹಳ ಜನ. ಅವರೂ ‘ರಾ’ ಅನ್ನೋದನ್ನ ‘ರಾಂಡಿ’ ಅಂದ್ರೆ ಅಷ್ಟರಲ್ಲೇ ಮರ್ಯಾದೆ ಕೊಟ್ಟಾಯ್ತು. ಇಂಗ್ಲಿಷಲ್ಲಿ ಕ್ರಿಯಾಪದಕ್ಕೆ ಇಂಥ ಬಾಲ ಇಲ್ಲ, ‘ಕಮ್’ ಅಂದ್ರೆ ಮಗೂಗೂ ಅದೇ, ಮಾವನೋರಿಗೂ ಅದೇ. ಅದಕ್ಕೆ ಅವರು ಪ್ಲೀಸು, ಸಾರಿ ಅಂತ ಹೊರಗಿಂದ ತಂದು ಅಂಟಿಸ್ಬೇಕು. ನಾವು ನಮ್ದೂ ಇಟ್ಕೊಂಡು, ಅವರದೂ ತಂದು ಮೇಲೆ ಸುರೀತೀವಿ. ಪಾಯಸಕ್ಕೆ ಬೆಲ್ಲ ಹಾಕಿದ್ಮೇಲೆ ಸಕ್ಕರೇನೂ ಹಾಕಿದಂಗೆ.

ಅದಕ್ಕೇ ಅವಳಿಗೆ ಹೇಳ್ದೆ, “ನೋಡು, ‘ಮಾಡಿ ಅಕ್ಕ’ ಅಂತ ಇದೆ. ಮರ್ಯಾದೆ ಎಲ್ಲೂ ಕಮ್ಮಿ ಆಗಿಲ್ಲ. ತೆಗ್ದಿರೋದು ನಿನ್ ಭಯಾನ ಮಾತ್ರ.” ಒರಟು ಅಂದ್ರೆ “ಇನ್ನೂ ಯಾಕೆ ಕೊಟ್ಟಿಲ್ಲ?” ಅನ್ನೋದು. ಲೆಕ್ಕ ಹೇಳೋದು ಒರಟಲ್ಲ.

ಕಳ್ಸಿದ್ಲು. ಗುರುವಾರ 1,000 ಬಂತು, “ಮರ್ತೇ ಹೋಗಿತ್ತು ಕಣಮ್ಮ, ಉಳಿದ 400 ಮುಂದಿನ ವಾರ” ಅಂತ. ಮುಂದಿನ ವಾರ ಅಂದಿದ್ದು ಅದರ ಮುಂದಿನ ವಾರ ಆಯ್ತು, ಬಿಡಿ. ಆದ್ರೆ ಎಷ್ಟು ಉಳೀತು ಅಂತ ಇಬ್ಬರಿಗೂ ಒಂದೇ ಲೆಕ್ಕ ಇತ್ತು.

ಹಳೇ ಕಾಲದ ಅರ್ಜಿ ಪದ್ಧತಿ ಇದಕ್ಕೆ ಒಳ್ಳೇ ಪಾಠ. ಹೈಸ್ಕೂಲಲ್ಲಿ ನಮ್ಗೆಲ್ಲ ಬರ್ಸಿದ್ರಲ್ಲ, ‘ಇಂದ’, ‘ಗೆ’, ‘ಮಾನ್ಯರೇ’, ಆಮೇಲೆ ಕೆಳಗೆ ಗೆರೆ ಎಳೆದು ‘ವಿಷಯ’. ತಗ್ಗಿ ಬಗ್ಗಿ ನಡ್ಕೊಳ್ಳೋದೆಲ್ಲ ‘ಮಾನ್ಯರೇ’ ಅನ್ನೋದ್ರಲ್ಲಿ, ಕೊನೇ ‘ವಿನಂತಿ’ಲಿ ಮುಗೀತಿತ್ತು. ‘ವಿಷಯ’ದ ಸಾಲಲ್ಲಿ ಮಾತ್ರ ಯಾರೂ ‘ರಜೆ ಬೇಕೇನೋ ಅಂತ’ ಅನ್ತಿರ್ಲಿಲ್ಲ, ‘ಎರಡು ದಿನದ ರಜೆ ಕೋರಿ’ ಅಂತ ಇರ್ತಿತ್ತು. ಮೆಸೇಜು ಬರೆಯೋವಾಗ ನಾನು ಈಗ್ಲೂ ಮನಸ್ಸಲ್ಲೇ ಒಂದು ‘ವಿಷಯ’ದ ಸಾಲು ಬರ್ಕೋತೀನಿ. ಆ ಸಾಲು ಮೆಸೇಜೊಳಗೆ ಎಲ್ಲಿದೆ ಅಂತ ಹುಡುಕ್ತೀನಿ. ಸಿಗ್ಲಿಲ್ಲ ಅಂದ್ರೆ ಬರೆದಿದ್ದು ಬರೀ ಪೀಠಿಕೆ.

ನಮ್ ಅಣ್ಣನ ಮಗಳು ಎಂಎ ಓದಿದೋಳು. ಇದನ್ನೆಲ್ಲ ಹೇಳಿದ್ರೆ, “ಅತ್ತೆ, ಇದರ ಮೇಲೆ ಪುಸ್ತಕಾನೇ ಇದೆ” ಅಂದ್ಲು. ಅಮೆರಿಕದ ರಾಬಿನ್ ಲೇಕಾಫ್ ಅನ್ನೋ ಭಾಷಾ ವಿದ್ವಾಂಸೆ 1975ರಲ್ಲಿ ಹೆಂಗಸರ ಮಾತಿನ ಬಗ್ಗೆ ಒಂದು ಪುಸ್ತಕ ತಂದ್ರಂತೆ. ‘ಅನ್ಸುತ್ತೆ’, ‘ಒಂಥರಾ’, ‘ಅಲ್ವಾ’ ಅನ್ನೋಂಥವನ್ನ ಹೆಂಗಸರು ಜಾಸ್ತಿ ಆಡ್ತಾರೆ, ಅದ್ರಿಂದ ಅವರ ಮಾತಿಗೆ ಗಟ್ಟಿತನ ಇಲ್ದಂಗೆ ಕಾಣುತ್ತೆ ಅಂತ. ಆಮೇಲೆ ಓಬಾರ್, ಅಟ್ಕಿನ್ಸ್ ಅನ್ನೋ ಇಬ್ಬರು ಕೋರ್ಟಲ್ಲಿ ಸಾಕ್ಷಿ ಹೇಳೋರ ಮಾತು ಕೇಳಿ, 1980ರಲ್ಲಿ ಇದು ಬರೀ ಹೆಂಗಸರ ಗುಣ ಅಲ್ಲ ಅಂದ್ರಂತೆ. ಅಧಿಕಾರ ಇಲ್ದಿರೋ ಗಂಡಸೂ ಹಂಗೇ ಆಡ್ತಾನೆ, ಓದಿ ಕೆಲ್ಸದಲ್ಲಿರೋ ಹೆಂಗಸು ಹಂಗೆ ಆಡೋದು ಕಮ್ಮಿ. ಅವಳು ಹೇಳಿದ ಇನ್ನೊಂದು ವಿಚಾರ ನಂಗೆ ಬಹಳ ಹಿಡಿಸ್ತು. ಅದೇ ಸಾಕ್ಷಿ ಮಾತನ್ನ ಎರಡು ಥರ ರೆಕಾರ್ಡ್ ಮಾಡಿ ಕೇಳ್ಸಿದ್ರಂತೆ, ಒಂದ್ರಲ್ಲಿ ಇಂಥ ‘ಏನೋ’ಗಳು ತುಂಬಿದ್ವು, ಇನ್ನೊಂದ್ರಲ್ಲಿ ಇರ್ಲಿಲ್ಲ. ವಿಷಯ ಒಂದೇ. ಜನ ನಂಬಿದ್ದು ‘ಏನೋ’ ಇಲ್ದಿರೋದನ್ನ.

ಇದನ್ನ ಕೇಳಿ ಎಲ್ಲಾ ‘ಅನ್ಸುತ್ತೆ’ನೂ ಕಿತ್ತು ಬಿಸಾಕ್ಬೇಡಿ ಮತ್ತೆ. ಗೊತ್ತಿಲ್ದಿರೋದನ್ನ ಗೊತ್ತು ಅನ್ನೋದು ಅದಕ್ಕಿಂತ ಕೆಟ್ಟದು. ನಮ್ ಭಾಷೆಲಿ ‘ಅಂತೆ’ ಅಂತ ಎಷ್ಟು ಚೆಂದದ ಪದ ಇದೆ ನೋಡಿ. ‘ಗೂಡಿನ ರೇಟು ಏರಿದೆ’ ಅಂದ್ರೆ ನಾನೇ ಮಾರ್ಕೆಟ್ಟಲ್ಲಿ ನೋಡ್ಬಂದೆ ಅಂತ. ‘ಏರಿದೆಯಂತೆ’ ಅಂದ್ರೆ ಯಾರೋ ಹೇಳಿದ್ರು ಅಂತ. ಹುಳ ಸಾಕೋರು ಇದನ್ನ ನಂಬಿ ಗೂಡು ಹೊತ್ಕೊಂಡು ಹೋಗ್ತಾರೆ, ಅಲ್ಲಿ ‘ಅಂತೆ’ ತೆಗೆದ್ರೆ ಸುಳ್ಳಾಗುತ್ತೆ. ಅದು ಅಳುಕಲ್ಲ, ಪ್ರಾಮಾಣಿಕತೆ. ಮೇಲೆ ಲೇಕಾಫ್ ವಿಷಯದಲ್ಲಿ ನಾನು ‘ಅಂತೆ’ ಹಾಕಿರೋದೂ ಅದಕ್ಕೇ, ಆ ಪುಸ್ತಕ ನಾನು ಓದಿಲ್ಲ.

ನಾನು ಮಾಡೋ ಪರೀಕ್ಷೆ ಇಷ್ಟೆ. ಆ ಪದ ತೆಗೆದು ಓದ್ತೀನಿ. ತೆಗೆದ್ರೆ ಮಾತು ಸುಳ್ಳಾಗುತ್ತಾ? ಹಂಗಾದ್ರೆ ಇರ್ಲಿ. ಸುಳ್ಳಾಗಲ್ಲ, ನಂಗೆ ಒಳಗೊಳಗೇ ಪುಕಪುಕ ಅನ್ಸುತ್ತೆ ಅಷ್ಟೆ ಅಂದ್ರೆ ತೆಗೀತೀನಿ. ಇರ್ಲೇಬೇಕಾದ ಕಡೇನೂ ಸಂಶಯಾನ ಎಲ್ಲಾ ಕಡೆ ಚೆಲ್ಲದೆ ಒಂದು ಮೂಲೇಲಿ ಇಡ್ಬೋದು. ಮೊಮ್ಮಗೂಗೆ ಜ್ವರ ಬಂದಾಗ ನನ್ ಸೊಸೆ ಡಾಕ್ಟರಿಗೆ “ಸಾರಿ ಡಾಕ್ಟ್ರೇ, 101 ಇರ್ಬೇಕು ಅನ್ಸುತ್ತೆ, ಸರಿಯಾಗಿ ಗೊತ್ತಾಗ್ತಿಲ್ಲ” ಅಂತ ಬರೆಯೋಕೆ ಹೊರಟಿದ್ಲು. ಕೇಳಿದ್ರೆ ಬೆಳಿಗ್ಗೆ 6 ಗಂಟೆಗೆ ಥರ್ಮಾಮೀಟರಲ್ಲಿ ನೋಡೇ ಇದಾಳೆ! ಆಮೇಲೆ ನೋಡಿಲ್ಲ, ಅಷ್ಟೆ. “ಬೆಳಿಗ್ಗೆ 6ಕ್ಕೆ 101 ಇತ್ತು. ಆಮೇಲೆ ನೋಡಿಲ್ಲ, ಮೈ ಇನ್ನೂ ಬಿಸಿ ಇದೆ” ಅಂತ ಬರ್ಸಿದೆ. ಗೊತ್ತಿರೋದು ಯಾವುದು, ಗೊತ್ತಿಲ್ದಿರೋದು ಯಾವುದು ಅಂತ ಡಾಕ್ಟರಿಗೆ ಎರಡೂ ಬೇರೆ ಬೇರೆ ಕಂಡ್ವು.

ತಿದ್ದೋಕೆ ಕೂತಾಗ ಬರೆಯೋವಾಗ್ಲೇ ತಡ್ಕೋಬೇಡಿ, ಬೆರಳು ನಿಂತೇಬಿಡುತ್ತೆ. ಬಂದಂಗೆ ಎಲ್ಲಾ ಬರ್ಕೊಳ್ಳಿ, ಕಳ್ಸೋ ಮುಂಚೆ ತೆಗೀರಿ. ನಮ್ ಓರಗಿತ್ತಿ ಮೊದಮೊದ್ಲು ಬರೀ ತೆಗೆದಳು, ಮೆಸೇಜು ಬೋಳು ಬೋಳಾಯ್ತು, “1,400 ಕೊಡಿ” ಅಂತ ಉಳೀತು. ಅದು ಸಾಲಗಾರ ಬಾಗಿಲಿಗೆ ಬಂದಂಗಾಯ್ತು. ತೆಗೆದ ಜಾಗದಲ್ಲಿ ಏನಾದ್ರೂ ಇಡ್ಬೇಕು. ‘ಸ್ವಲ್ಪ’ ತೆಗೆದ ಕಡೆ ಮೊತ್ತ, ‘ಆದಾಗ’ ತೆಗೆದ ಕಡೆ ವಾರ, ‘ಸುಮ್ನೆ’ ತೆಗೆದ ಕಡೆ ಯಾಕೆ ಬೇಕು ಅನ್ನೋ ಕಾರಣ. ದಾರ ತರ್ಬೇಕು ಅಂತ ಒಂದು ಮಾತು ಸೇರಿದ್ದಕ್ಕೇ ಆ ಮೆಸೇಜು ಮನುಷ್ಯರು ಬರೆದಂಗೆ ಕಂಡಿದ್ದು. ಸಾವಿನ ಮನೆಗೆ, ಕಾಯಿಲೆ ಇರೋರಿಗೆ ಬರೆಯೋವಾಗ ಈ ಲೆಕ್ಕ ಯಾವುದೂ ಬೇಡ, ಅಲ್ಲಿ ಎಷ್ಟು ಸುತ್ತಿ ಬಳಸಿ ಮೆತ್ತಗೆ ಆಡಿದ್ರೂ ನಡೆಯುತ್ತೆ.

ಇನ್ನು ನಿಜವಾಗ್ಲೂ ತಡ ಆಗಿದ್ರೆ? ಮೊನ್ನೆ ಕರೆಂಟು ಕೈಕೊಟ್ಟು ಅವಳದು ಒಂದು ಸೀರೆ ಹೇಳಿದ ದಿನಕ್ಕೆ ಮುಗೀಲಿಲ್ಲ. ಅಲ್ಲಿ ಕ್ಷಮೆ ಬೇಕೇ ಬೇಕು, ಆದ್ರೆ ಒಂದೇ ಸಲ, ಜೊತೆಗೆ ಮುಂದೇನು ಅನ್ನೋದು. ಈ ಸಲ ಅವಳೇ ಬರೆದು ನಂಗೆ ತೋರ್ಸಿದ್ಲು: “ಅಮ್ಮ, ಸೀರೆ ಇವತ್ತು ಕೊಡ್ತೀನಿ ಅಂದಿದ್ದೆ, ಆಗ್ಲಿಲ್ಲ, ಕ್ಷಮಿಸಿ. ನಾಳೆ ಸಂಜೆ 5ಕ್ಕೆ ನಾನೇ ಮನೆಗೆ ತಂದ್ಕೊಡ್ತೀನಿ.” ಕೊನೇಲಿ ಇನ್ನೊಂದು ‘ಸಾರಿ’ ಟೈಪ್ ಮಾಡಿ ಅಳಿಸಿದ್ಲಂತೆ. ಅದೂ ‘ಅಂತೆ’ನೇ, ನಾನು ನೋಡಿಲ್ಲ.