ಕಾಕಾನ ಕಡ್ಲಿ ಮತ್ತು ನನ್ನ ತಾರೀಖು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ಇವತ್ತು ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ.

ನಮ್ಮ ಕಾಕಾ ಹುನಗುಂದ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ. ಎರೆಭೂಮಿ, ಹಿಂಗಾರಿಗೆ ಕಡ್ಲಿ ಬಿತ್ತುತ್ತಾರೆ. ಪೇಟೆ ಧಾರಣೆ ಕೇಳೋಕೆ ಅವರು ದಿನಾ ಯಾರಿಗಾದ್ರೂ ಫೋನ್ ಮಾಡೋದು ನೋಡಿ, "ತಡೀರಿ, ನಾನೊಂದು ಪೇಜ್ ಮಾಡಿಕೊಡ್ತೀನಿ" ಅಂದೆ. ಸರ್ಕಾರದ data.gov.in ತಾಣದಲ್ಲಿ ದೇಶದ ಮಾರುಕಟ್ಟೆಗಳ ದಿನದ ಬೆಲೆ ಸಿಗುತ್ತೆ. ಒಂದೊಂದು ಸಾಲಿನಲ್ಲೂ ಜಿಲ್ಲೆ, ಮಾರುಕಟ್ಟೆ, ಬೆಳೆ, ತಳಿ, ತಾರೀಖು, ಮತ್ತೆ ಕ್ವಿಂಟಾಲಿಗೆ ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ಬೆಲೆ. ಮೋಡಲ್ ಅಂದ್ರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ಬೆಲೆ. ನಾನು ಬಳಸಿದ ಪಟ್ಟಿಯಲ್ಲಿ ಸಿಗೋದು ಆಯಾ ದಿನದ ಸಾಲು ಮಾತ್ರ, ಅದರಲ್ಲಿ ಹಳೆಯದು ಬೇಕಂದ್ರೆ ನಾವೇ ದಿನಾ ಎತ್ತಿಟ್ಟುಕೊಳ್ಳಬೇಕು.

2025ರ ಫೆಬ್ರುವರಿ ಮೊದಲ ವಾರ ಶುರು ಮಾಡಿದೆ. ರಾತ್ರಿ ಒಂದು ಸ್ಕ್ರಿಪ್ಟ್ ಓಡಿ ಬಾಗಲಕೋಟೆ ಜಿಲ್ಲೆಯ ಸಾಲುಗಳನ್ನು ತಂದು ನನ್ನ ಡೇಟಾಬೇಸಿಗೆ ಹಾಕುತ್ತಿತ್ತು. ಕೆಲವು ದಿನ ಕೆಲವು ಮಾರುಕಟ್ಟೆಯಿಂದ ಸಾಲೇ ಬರಲ್ಲ. ಬಾದಾಮಿಯ ಮೆಕ್ಕೆಜೋಳ ಇವತ್ತು ಇದ್ದು ನಾಳೆ ಇಲ್ಲದೇ ಇರಬಹುದು. ಆ ಜಾಗ ಖಾಲಿ ಕಾಣಬಾರದು ಅಂತ ನಾನು ಜಾಣತನ ಮಾಡಿದೆ: ಪ್ರತಿ ಬೆಳೆಗೂ ಇತ್ತೀಚಿನ ತಾರೀಖಿನ ಬೆಲೆ ಎತ್ತಿ ತೋರಿಸು ಅಂದೆ. ಪೇಜಿನ ತಲೆಯ ಮೇಲೆ ದೊಡ್ಡದಾಗಿ "ಇಂದು ನವೀಕರಿಸಲಾಗಿದೆ". ಮೂರು ವಾರ ಚೆಂದ ನಡೀತು.

ಮಾರ್ಚ್ 5ಕ್ಕೆ ಕಾಕಾನ ಫೋನು. "ಏನಪಾ, ನಿನ್ನ ಪೇಜ್ ನೋಡಿ ಇಳಕಲ್ಲಿಗೆ ಹಾಕೋ ಮಾಲು ಬಾಗಲಕೋಟಿಗೆ ಒಯ್ದೆ. ಇಲ್ಲಿ ನೋಡಿದ್ರ ಆ ರೇಟೇ ಇಲ್ಲಲ್ಲೋ!"

ಲೆಕ್ಕ ಸುಲಭ ಆಗಲಿ ಅಂತ ದುಂಡು ಅಂಕಿ ಹೇಳ್ತೀನಿ. ಪೇಜಿನಲ್ಲಿ 5,800 ಇತ್ತು, ಅಲ್ಲಿ ನಡೀತಿದ್ದದ್ದು 5,500. ಹತ್ತು ಕ್ವಿಂಟಾಲಿಗೆ ಅವರು ಎಣಿಸಿದ್ದಕ್ಕಿಂತ 3,000 ರೂಪಾಯಿ ಕಡಿಮೆ. ಮೇಲೆ ಗಾಡಿ ಬಾಡಿಗೆ ಬೇರೆ. ಚೀಲ ಇಳಿಸಿ ಆಗಿತ್ತು, ವಾಪಸ್ ಒಯ್ಯೋದಕ್ಕೂ ಬಾಡಿಗೆ ಕೊಡಬೇಕು. ಅಲ್ಲೇ ಮಾರಿದರು.

ರಾತ್ರಿ ಕೂತು ಹುಡುಕಿದೆ. 5,800 ಫೆಬ್ರುವರಿ 28ರ ಬೆಲೆ! ಮಾರ್ಚಿನ ಸಾಲುಗಳೂ ಡೇಟಾಬೇಸಿನಲ್ಲಿ ಕೂತಿದ್ದವು, ಪೇಜಿಗೆ ಮಾತ್ರ ಬರುತ್ತಿರಲಿಲ್ಲ. ಅಲ್ಲಿನ ತಾರೀಖು ದಿನ/ತಿಂಗಳು/ವರ್ಷ ಅಂತ ಬರುತ್ತೆ. ನಾನದನ್ನು ಹಾಗೇ ಅಕ್ಷರವಾಗಿ ತುಂಬಿ, ಅದರಲ್ಲಿ ದೊಡ್ಡದು ಯಾವುದು ಅಂತ ಕೇಳಿದ್ದೆ:

```
SELECT market, commodity, MAX(arrival_date) FROM prices GROUP BY market, commodity;
-- '28/02/2025' > '05/03/2025'
```

ಅಕ್ಷರವಾಗಿ ಹೋಲಿಸಿದಾಗ ಮೊದಲ ಅಕ್ಷರಕ್ಕೇ ತೀರ್ಮಾನ. 2 ದೊಡ್ಡದು, 0 ಚಿಕ್ಕದು. ತಿಂಗಳನ್ನು ಅದು ನೋಡೋದೇ ಇಲ್ಲ. ಫೆಬ್ರುವರಿ ಒಳಗೇ ಇದ್ದಷ್ಟು ದಿನ ಎಲ್ಲ ಸರಿ, ತಿಂಗಳು ಬದಲಾದ ದಿನ ಬೆಲೆ ನಿಂತುಹೋಯ್ತು. ಬೇರೆ ಯಾರಾದ್ರೂ ಇಂಥ ಪೇಜ್ ಮಾಡಿದ್ದರೆ ಒಂದನೇ ತಾರೀಖು ದಾಟಿದ ಮೇಲೆ ನೋಡಿ. ಎಲ್ಲ ಬೆಳೆಯ ಬೆಲೆಯೂ ಒಟ್ಟಿಗೇ ಅಲ್ಲಾಡದೆ ನಿಂತಿದ್ದರೆ ಇದೇ ರೋಗ ಇರಬಹುದು. ಸಾಲು ತಂದ ಕೂಡಲೇ 2025-03-05 ಅಂತ ವರ್ಷ ಮುಂದಿಟ್ಟು ಬರೆದುಕೊಂಡರೆ ವಾಸಿ.

ಅದೇನೋ ಹತ್ತು ನಿಮಿಷದ ಕೆಲಸ. ಆದರೆ ತಾರೀಖು ಪಕ್ಕದಲ್ಲೇ ಬರೆದಿದ್ದರೆ ಕಾಕಾನೇ "ಇದು ಹಳೇದು" ಅಂತ ಹಿಡೀತಿದ್ದರು. ನಾನು ನನ್ನ ಸ್ಕ್ರಿಪ್ಟ್ ಓಡಿದ ದಿನ ಬರೆದಿದ್ದೆ, ಕಡ್ಲಿ ಮಾರಿದ ದಿನ ಬರೆದಿರಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ.

ಈಗ ಪೇಜಿನಲ್ಲಿ ಬೆಲೆಗಿಂತ ಮೊದಲು ತಾರೀಖಿದೆ. ಸಾಲು ಬರದಿದ್ದರೆ "ಇಂದು ವರದಿ ಇಲ್ಲ" ಅಂತಲೇ ಬರುತ್ತೆ, ಖಾಲಿ ಕಂಡರೆ ಕಾಣಲಿ. ಮೂರೂ ಬೆಲೆ ತೋರಿಸ್ತೀನಿ, ಯಾಕಂದ್ರೆ ಹಸಿ ಇರೋ, ಒಡೆದ ಕಾಳಿಗೆ ಮೋಡಲ್ ಬೆಲೆ ಸಿಗಲ್ಲ, ಕನಿಷ್ಠದ ಹತ್ತಿರ ಹೋಗುತ್ತೆ. ಆದರೆ ಆವಕ ಎಷ್ಟು ಅಂತ ಆ ಸಾಲಿನಲ್ಲೇ ಇಲ್ಲ. ಆ ಬೆಲೆ ಮೂರು ಚೀಲದ್ದೋ ಮುನ್ನೂರು ಚೀಲದ್ದೋ ನನ್ನ ಪೇಜ್ ಹೇಳಲಾರದು.

ಅದಕ್ಕೇ ಕಾಕಾ ಈಗ ಪೇಜ್ ನೋಡಿ, ಆಮೇಲೆ ಅಡತಿ ಅಂಗಡಿಗೆ ಒಂದು ಫೋನ್ ಹಾಕಿಯೇ ಗಾಡಿ ಹೇಳ್ತಾರೆ. ಬಾಡಿಗೆ ದುಡ್ಡು ಕೊಡೋಕೆ ಹೋದ್ರೆ ಇಸ್ಕೊಳ್ಳಲಿಲ್ಲ. "ಮದ್ಲ ತಾರೀಖ್ ಓದೋದು ಕಲಿಯಪಾ" ಅಂದ್ರು.

ಇಂಥದ್ದು ನಿಮಗೂ ಆಗಿದ್ಯಾ? ಬರೀರಿ.