ಆಮೆಯ ಫೋಟೊದಲ್ಲಿ ಏನು ಕಾಣುತ್ತೆ, ಏನು ಕಾಣಲ್ಲ

ನಮ್ಮ ಕಡೆ ಕೆರೆ ಬತ್ತಿದಾಗ ಸಿಗುವ ಆಮೆಯ ಬೆನ್ನಿನ ಮೇಲೆ ಚರ್ಮದ ಹೊದಿಕೆ ಇರುತ್ತೆ, ಅಂಚು ಮುಟ್ಟಿದರೆ ಮೆತ್ತಗೆ. ಅದು ಅದರ ಹುಟ್ಟುಗುಣ, ಕಾಯಿಲೆ ಅಲ್ಲ. ಆದರೆ ಒಣಗಿದ ಕುರುಚಲು ಕಾಡಿನ ನಕ್ಷತ್ರ ಆಮೆಯ ಚಿಪ್ಪು ಮೆತ್ತಗಾದರೆ ಕಥೆಯೇ ಬೇರೆ.

ಹೋದ ವರ್ಷ ಜೆ.ಪಿ. ನಗರದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. 'ಅಣ್ಣಾ, ಇದರ ಬೆನ್ನು ಹಿಂಗ್ಯಾಕೆ? ಯಾರೋ ಮಗುವಿಗೆ ಅಂತ ಕೊಟ್ರು.' ಅಂಗೈಯಷ್ಟು ದೊಡ್ಡ ನಕ್ಷತ್ರ ಆಮೆ. ಬೆನ್ನಿನ ಒಂದೊಂದು ಬಿಲ್ಲೆಯೂ ಪುಟ್ಟ ಗೋಪುರದ ಹಾಗೆ ಎದ್ದು ನಿಂತಿತ್ತು.

ಇಲ್ಲಿ ಸ್ವಲ್ಪ ತಡೆದು ನೋಡಬೇಕು. ನಕ್ಷತ್ರ ಆಮೆಗೆ ಕಾಡಿನಲ್ಲೇ ಒಂದಿಷ್ಟು ಉಬ್ಬು ಇರಬಹುದು. ಹಾಗಾಗಿ ಬರೀ ಉಬ್ಬು ಕಂಡ ಕೂಡಲೇ ಕಾಯಿಲೆ ಅನ್ನೋಕೆ ಆಗಲ್ಲ. ನೋಡಬೇಕಾದ್ದು ಬಿಲ್ಲೆಯ ಸುತ್ತ ಇರುವ ಗೆರೆಗಳನ್ನು. ಬಿಲ್ಲೆ ಬೆಳೆಯುವುದು ಅಂಚಿನಿಂದ. ಪ್ರತಿ ಸಲ ಹೊಸದೊಂದು ಉಂಗುರ ಸೇರುತ್ತೆ. ನಿಧಾನಕ್ಕೆ ಬೆಳೆದ ಆಮೆಯಲ್ಲಿ ಉಂಗುರಗಳು ಒತ್ತೊತ್ತಾಗಿರುತ್ತವೆ. ಈ ಫೋಟೊದಲ್ಲಿ ಉಂಗುರಗಳು ಅಗಲ, ಎರಡು ಬಿಲ್ಲೆಗಳ ನಡುವೆ ಆಳವಾದ ಕಣಿವೆ, ಅದೂ ಇಷ್ಟು ಚಿಕ್ಕ ಪ್ರಾಣಿಯಲ್ಲಿ. ಅಂದರೆ ಬೇಗ ಬೇಗ, ಒಣ ಹವೆಯಲ್ಲಿ ಬೆಳೆದಿದೆ.

ಪ್ರೋಟೀನು ಜಾಸ್ತಿಯಾಗಿ ಹೀಗಾಗುತ್ತೆ ಅಂತ ಬಹಳ ಜನ ಹೇಳ್ತಾರೆ. ಆದರೆ 2003ರಲ್ಲಿ ಆಫ್ರಿಕಾದ ಒಂದು ಜಾತಿಯ ಆಮೆಮರಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಆಹಾರದ ಪ್ರೋಟೀನಿಗಿಂತ ಗಾಳಿಯ ತೇವ ಕಡಿಮೆ ಆದದ್ದೇ ಉಬ್ಬಿಗೆ ದೊಡ್ಡ ಕಾರಣ ಅಂತ ಕಂಡುಬಂತು. ಒಣಕಲು ಪ್ರದೇಶದ ಪ್ರಾಣಿಗೆ ತೇವ ಯಾಕೆ ಅಂತ ನಿಮಗೆ ಅನಿಸಬಹುದು. ಅದು ಬಿಸಿಲಲ್ಲಿ ಪೊದೆಯ ಬುಡ, ಹುಲ್ಲಿನ ಸಂದು ಸೇರಿಕೊಳ್ಳುತ್ತೆ, ಮಳೆಗಾಲದಲ್ಲಿ ಚುರುಕಾಗುತ್ತೆ. ಫ್ಲ್ಯಾಟಿನ ಟೈಲ್ಸ್ ನೆಲದಲ್ಲಿ ಅಂಥ ಸಂದು ಎಲ್ಲಿಂದ ಬರಬೇಕು?

ಉಬ್ಬಿಗಿಂತ ನನಗೆ ಚಿಂತೆ ತಂದದ್ದು ಬೇರೆ. ಬಾಲದ ಮೇಲಿನ ಭಾಗ ತಗ್ಗಾಗಿ ಕುಸಿದಂತಿತ್ತು, ಹಿಂದಿನ ಅಂಚು ಟೋಪಿಯ ಅಂಚಿನ ಹಾಗೆ ಮೇಲಕ್ಕೆ ಮಡಚಿತ್ತು. ಮೆತ್ತಗಿರುವುದು ಫೋಟೊದಲ್ಲಿ ಕಾಣಲ್ಲ. ಕಾಣುವುದು ಅದರ ಸುಳಿವು ಮಾತ್ರ. ಅದಕ್ಕೇ ಇನ್ನೂ ಮೂರು ಫೋಟೊ ಕೇಳಿದೆ: ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಿಂದ, ಮೇಲಿಂದ, ಹೊಟ್ಟೆ ಕಡೆಯಿಂದ, ಜೊತೆಗೆ ಅಳತೆಗೆ ಒಂದು ರೂಪಾಯಿ ನಾಣ್ಯ. ಹೊಟ್ಟೆಯ ಚಿಪ್ಪನ್ನು ಹೆಬ್ಬೆರಳಲ್ಲಿ ಹಗುರವಾಗಿ ಮುಟ್ಟಿ ನೋಡು, ಜೋರಾಗಿ ಒತ್ತಬೇಡ ಅಂದೆ. ಎಳೆ ಮರಿಯ ಚಿಪ್ಪು ಸ್ವಲ್ಪ ಬಾಗುವುದು ಸಹಜ. ಇಷ್ಟು ಬೆಳೆದ ಆಮೆಯದು ಗಟ್ಟಿಯಾಗಿರಬೇಕು. 'ಎರಡು ಕಡೆ ಬಾಗುತ್ತಣ್ಣಾ' ಅಂದಳು. ಅಲ್ಲಿ ಕೆಂಪಾಗಲಿ, ನೀರು ಒಸರುವುದಾಗಲಿ, ಕೆಟ್ಟ ವಾಸನೆಯಾಗಲಿ ಇದೆಯಾ ಅಂತಲೂ ಕೇಳಿದೆ. ಅದಿದ್ದರೆ ಚಿಪ್ಪಿಗೆ ಸೋಂಕು ತಗುಲಿರಬಹುದು. ಅದ್ಯಾವುದೂ ಇರಲಿಲ್ಲ.

ಏನು ತಿನ್ನಿಸ್ತೀಯ ಅಂದರೆ ಸೌತೆಕಾಯಿ, ಟೊಮೆಟೊ, ಹಾಲಲ್ಲಿ ನೆನೆಸಿದ ಬ್ರೆಡ್. ಬಿಸಿಲು? 'ದಿನಾ ಕಿಟಕಿ ಹತ್ರ ಇಡ್ತೀವಿ.' ಗಾಜು ಹಾಕಿದ ಕಿಟಕಿ. ಬಿಸಿಲಲ್ಲಿ ಕಣ್ಣಿಗೆ ಕಾಣದ ಒಂದು ಕಿರಣದಿಂದ ಆಮೆ ತನ್ನ ಮೈಯಲ್ಲಿ ಡಿ ವಿಟಮಿನ್ ಮಾಡಿಕೊಳ್ಳುತ್ತೆ. ಕಿಟಕಿ ಗಾಜು ಆ ಕಿರಣವನ್ನು ಬಹುಪಾಲು ತಡೆಯುತ್ತೆ, ಬೆಚ್ಚಗೆ ಮಾತ್ರ ಆಗುತ್ತೆ. ಡಿ ವಿಟಮಿನ್ ಇಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತಲ್ಲ. ಸೌತೆಕಾಯಲ್ಲಿ ಅದು ಮೊದಲೇ ಕಡಿಮೆ. ಆಗ ದೇಹ ಮೂಳೆಯಿಂದಲೇ ಸುಣ್ಣದಂಶ ಎಳೆದುಕೊಳ್ಳುತ್ತೆ. ಆಮೆಯ ಚಿಪ್ಪಿನ ಒಳಪದರವೂ ಮೂಳೆಯೇ. ಇಷ್ಟೆಲ್ಲ ಊಹೆಯೇ, ಖಾತ್ರಿ ಮಾಡುವುದು ಎಕ್ಸ್‌ರೇ ಮತ್ತು ವನ್ಯಪ್ರಾಣಿ ನೋಡುವ ಡಾಕ್ಟರು. ಅಂಗಡಿಯ ಕ್ಯಾಲ್ಸಿಯಂ, ಡಿ ವಿಟಮಿನ್ ಹನಿ ಅಂದಾಜಲ್ಲಿ ಹಾಕಬೇಡ ಅಂದೆ. ಡಿ ಅತಿಯಾದರೂ ವಿಷ.

ಇನ್ನೊಂದು ಮಾತು ಅವಳಿಗೆ ಗೊತ್ತೇ ಇರಲಿಲ್ಲ. ನಕ್ಷತ್ರ ಆಮೆ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದಮೇಲೆ ಅದು ಮೊದಲ ಅನುಸೂಚಿಯಲ್ಲಿದೆ. ಕೊಂಡದ್ದಲ್ಲ, ಉಡುಗೊರೆ ಅಂದರೂ ಅಷ್ಟೇ. ಸಿಂಗಾಪುರದಲ್ಲಿ ಸಿಕ್ಕ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ತಂದಿದ್ದರು. ಅಷ್ಟು ದೂರಕ್ಕೆ ಈ ವ್ಯಾಪಾರ ಹಬ್ಬಿದೆ.

'ಹಾಗಾದ್ರೆ ಬನ್ನೇರುಘಟ್ಟದ ಕಡೆ ಕಾಡಲ್ಲಿ ಬಿಟ್ಟು ಬರ್ಲಾ?' ಅಂದಳು. ಬೇಡ ಅಂದೆ. ಮೆತ್ತನೆ ಚಿಪ್ಪಿನ ಪ್ರಾಣಿಯನ್ನು ನಾಯಿಯೋ ಮುಂಗುಸಿಯೋ ಬಿಡಲ್ಲ, ಅದು ಮನೆಯ ಸೋಂಕನ್ನು ಅಲ್ಲಿನ ಆಮೆಗಳಿಗೂ ಹಚ್ಚಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ತಾವೇ ಒಪ್ಪಿಸುತ್ತಿದ್ದೇವೆ ಅಂತ ಹೇಳಿಸಿದೆ. ಬಂದವರು ಗಾಳಿ ಆಡುವ ರಟ್ಟಿನ ಪೆಟ್ಟಿಗೆಯಲ್ಲಿ ತಗೊಂಡು ಹೋದರು.

ಬೆನ್ನು ಮತ್ತೆ ಸಮ ಆಗುತ್ತಾ ಅಂತ ಅವಳ ಮಗ ಕೇಳಿದ. ಎದ್ದ ಉಬ್ಬು ಇಳಿಯಲ್ಲ. ಮೂಳೆ ಗಟ್ಟಿಯಾಗಬಹುದು, ಇನ್ನು ಮೇಲೆ ಸೇರುವ ಉಂಗುರ ಸಮವಾಗಿ ಬರಬಹುದು ಅಂತ ಅವನಿಗೆ ಹೇಳಿದೆ.